100ರಲ್ಲಿ 62 ಟ್ರೇಡ್ ಗೆದ್ದಿದ್ದೇನೆ, ಆದರೂ ಒಂದೂವರೆ ಲಕ್ಷ ಹೋಗಿದೆ. ಎಲ್ಲಿ ಹೋಯಿತು?

ಸಂಬಳದವ:
ನಾನು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುವವನು. 2025ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನಾಲ್ಕು ತಿಂಗಳು ನಿಫ್ಟಿ ಆಪ್ಷನ್ ಮಾಡಿದೆ. ಬರೀ ಖರೀದಿ. ನಿಫ್ಟಿ ಏರುತ್ತದೆ ಅನಿಸಿದರೆ ಕಾಲ್, ಇಳಿಯುತ್ತದೆ ಅನಿಸಿದರೆ ಪುಟ್. ಹೆಚ್ಚಾಗಿ ಒಂದೇ ಲಾಟ್. ದಿನಕ್ಕೆ ನಾಲ್ಕೈದು ಸಲ ಒಳಗೆ ಹೋಗಿ ಹೊರಗೆ ಬರುತ್ತಿದ್ದೆ. ಒಟ್ಟು 400 ಟ್ರೇಡ್. ಅದರಲ್ಲಿ 248 ಲಾಭದಲ್ಲಿ ಮುಗಿದಿವೆ, 152 ನಷ್ಟದಲ್ಲಿ. ಅಂದರೆ 62 ಪರ್ಸೆಂಟ್ ಗೆಲುವು.

ಆದರೆ ಖಾತೆಯಿಂದ 1,55,520 ರೂಪಾಯಿ ಮಾಯ. ಅದು ನಾನೂ ಹೆಂಡತಿಯೂ ಎರಡು ವರ್ಷ ಆರ್‌ಡಿ ಕಟ್ಟಿ ಉಳಿಸಿದ್ದ ದುಡ್ಡು.

ಬೈಯುವವರು ಬೈಯಿರಿ, ಪರವಾಗಿಲ್ಲ. ನನಗೆ ಬೇಕಿರುವುದು ಲೆಕ್ಕ. ಅರ್ಧಕ್ಕಿಂತ ಜಾಸ್ತಿ ಸಲ ಸರಿಯಾಗಿದ್ದವನು ಸೋಲುವುದು ಹೇಗೆ? ನನ್ನ ಸ್ಟ್ರಾಟಜಿ ತಪ್ಪಾ, ಅಥವಾ ಬೇರೆ ಏನಾದರೂ ಇದೆಯಾ?

ಆರಿದ_ಕಾಫಿ:
ಸ್ವಾಗತ ಗುರು. ಕುರ್ಚಿ ಎಳೆದುಕೊಂಡು ಕೂತ್ಕೋ. ಇಲ್ಲಿ ಎಲ್ಲರೂ ಅದೇ ದೋಣಿಯಲ್ಲಿ ಬಂದವರು.

ಥೀಟಾ_ರಾಜ:
ತಪ್ಪು ಮಾಡಿದ್ದು ಒಂದೇ. ಆಪ್ಷನ್ ಖರೀದಿ ಮಾಡಿದ್ದು. ಆಪ್ಷನ್ ಮಾರುವವನೇ ಗೆಲ್ಲುವುದು. ಹೊತ್ತು ಹೋದಂತೆ ಆಪ್ಷನ್‌ನ ಬೆಲೆ, ಅಂದರೆ ಪ್ರೀಮಿಯಂ, ತಾನಾಗಿ ಕರಗಿ ಮಾರಿದವನ ಜೇಬಿಗೆ ಬರುತ್ತದೆ. ಇದು ಅರ್ಥವಾದ ದಿನದಿಂದ ನಾನು ಖರೀದಿ ನಿಲ್ಲಿಸಿದ್ದೇನೆ.

ಹೊಸಬ_27:
ನಾನು ತಿಂಗಳಿಗೆ 5000 ಎಸ್‌ಐಪಿ ಕಟ್ಟುತ್ತಿದ್ದೇನೆ. ಇದನ್ನೆಲ್ಲ ನೋಡಿ ಭಯ ಆಗ್ತಿದೆ. ನಿಲ್ಲಿಸಿಬಿಡಲಾ?

ಆರಿದ_ಕಾಫಿ:
ಅಯ್ಯೋ ಅದು ಬೇರೆ, ಇದು ಬೇರೆ ಮಾರಾಯ. ನಿನ್ನ ಫಂಡಿಗೆ ಎಕ್ಸ್‌ಪೈರಿ ದಿನ ಅಂತ ಒಂದಿಲ್ಲ. ಮುಂದುವರಿಸು.

ಹಳೇ_ಡೀಲರ್:
ಸಂಬಳದವರೇ, ನಾನು ಒಂದು ಬ್ರೋಕರ್ ಆಫೀಸಿನಲ್ಲಿ 11 ವರ್ಷ ಕೆಲಸ ಮಾಡಿದವನು. ನಿಮ್ಮಂಥ ಖಾತೆಗಳನ್ನು ನೂರಾರು ನೋಡಿದ್ದೇನೆ. ಸ್ಟ್ರಾಟಜಿ ವಿಷಯ ಆಮೇಲೆ. ಮೊದಲು ಎರಡು ಸಂಖ್ಯೆ ಕೊಡಿ. ಗೆದ್ದಾಗ ಸರಾಸರಿ ಎಷ್ಟು ಬಂತು? ಸೋತಾಗ ಸರಾಸರಿ ಎಷ್ಟು ಹೋಯಿತು? ಆ್ಯಪ್‌ನ ಹಸಿರು ಕೆಂಪು ನೋಡಿ ಹೇಳಬೇಡಿ. ಅದರಲ್ಲಿ ಚಾರ್ಜ್ ಸೇರಿರುವುದಿಲ್ಲ. ಟ್ಯಾಕ್ಸ್ ರಿಪೋರ್ಟ್ ಡೌನ್‌ಲೋಡ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯಿರಿ.

ಸಂಬಳದವ:
ತೆಗೆದೆ ಸಾರ್. ಗೆದ್ದ 248 ಟ್ರೇಡ್‌ನಲ್ಲಿ ಸರಾಸರಿ 420 ರೂಪಾಯಿ. ಸೋತ 152ರಲ್ಲಿ ಸರಾಸರಿ 1,540. ಚಾರ್ಜ್ ಒಟ್ಟು 25,600 ಅಂತ ತೋರಿಸ್ತಿದೆ. ಇದನ್ನು ನಾನು ಇವತ್ತೇ ಮೊದಲ ಸಲ ನೋಡಿದ್ದು.

ಕಾಂಟ್ರಾಕ್ಟ್ ನೋಟ್ ದಿನಾ ರಾತ್ರಿ ಮೇಲ್‌ನಲ್ಲಿ ಬರುತ್ತಿತ್ತು. ತೆರೆಯಲು ಪ್ಯಾನ್ ನಂಬರ್ ಹಾಕಬೇಕು ಅಂತ ಬೇಜಾರಾಗಿ ಒಂದನ್ನೂ ತೆರೆದಿರಲಿಲ್ಲ.

ಹಳೇ_ಡೀಲರ್:
ಆ ಮೇಲ್ ಯಾರೂ ತೆರೆಯುವುದಿಲ್ಲ, ನೀವೊಬ್ಬರೇ ಅಲ್ಲ.

ಈಗ ನೋಡಿ. 248ನ್ನು 420ರಿಂದ ಗುಣಿಸಿದರೆ 1,04,160 ಬಂತು. 152ನ್ನು 1,540ರಿಂದ ಗುಣಿಸಿದರೆ 2,34,080 ಹೋಯಿತು. ವ್ಯತ್ಯಾಸ 1,29,920. ಅದಕ್ಕೆ ಚಾರ್ಜ್ ಸೇರಿಸಿ, ನಿಮ್ಮ 1,55,520 ಸರಿಯಾಗಿ ಕೂತಿತು. ಗೆದ್ದಾಗ ಐದಾರು ಪಾಯಿಂಟಿಗೆ ಓಡಿ ಬಂದಿದ್ದೀರಿ. ಸೋತಾಗ ಇಪ್ಪತ್ತು ಪಾಯಿಂಟ್ ಕೂತು ನೋಡಿದ್ದೀರಿ. ಎಷ್ಟು ಸಲ ಗೆದ್ದೆ ಅನ್ನುವುದೊಂದನ್ನೇ ಎಣಿಸಿದರೆ ಇದು ಕಾಣುವುದಿಲ್ಲ.

ಇದನ್ನು ಓದಿದ ಕೂಡಲೇ ನೀವು ಅಂದುಕೊಳ್ಳುವುದು, "ಸರಿ, ದೊಡ್ಡ ನಷ್ಟ ತಪ್ಪಿಸಿದರೆ ಮುಗಿಯಿತು" ಅಂತ. ಎಲ್ಲರೂ ಅಲ್ಲೇ ಜಾರುವುದು. ಅದಕ್ಕೇ ಇನ್ನೊಂದು ಕೆಲಸ ಮಾಡಿ. ನಿಮ್ಮ ಅತಿ ದೊಡ್ಡ ಹತ್ತು ನಷ್ಟ ಆರಿಸಿ, ಅವು ಆಗಲೇ ಇಲ್ಲ ಅಂದುಕೊಂಡು ಲೆಕ್ಕ ಹಾಕಿ.

ತನ್ನ_ಹಣ_ತನ್ನಿಷ್ಟ:
ಎಲ್ಲರೂ ಪಾಠ ಮಾಡೋಕೆ ಬಂದ್ರು. 45 ಸಾವಿರ ಸಂಬಳದಲ್ಲಿ ಮನೆ ಕಟ್ಟೋಕಾಗುತ್ತಾ ಹೇಳಿ ನೋಡೋಣ. ಎಫ್‌ಡಿ ಇಟ್ಟರೆ ಬಡ್ಡಿಯನ್ನು ಬೆಲೆ ಏರಿಕೆ ತಿನ್ನುತ್ತೆ. ರಿಸ್ಕ್ ತಗೊಳ್ಳದೆ ಯಾರು ಉದ್ಧಾರ ಆಗಿದ್ದಾರೆ? ಟ್ರೇಡಿಂಗ್ ಮಾಡಿ ಕಾರು ತಗೊಂಡವರು ನನಗೇ ಇಬ್ಬರು ಗೊತ್ತು.

ಆರಿದ_ಕಾಫಿ:
ಆ ಇಬ್ಬರ ಟ್ಯಾಕ್ಸ್ ರಿಪೋರ್ಟ್ ನೋಡಿದ್ದೀಯಾ? ಅಥವಾ ಸ್ಕ್ರೀನ್‌ಶಾಟ್ ಮಾತ್ರಾನಾ?

ತನ್ನ_ಹಣ_ತನ್ನಿಷ್ಟ:
ಕಾರು ನೋಡಿದ್ದೇನೆ.

ಆರಿದ_ಕಾಫಿ:
ಸಾಲ ನೋಡಿಲ್ಲ ಬಿಡು.

ಲೆಕ್ಕ_ನೋಡುವಾಕೆ:
ಬರೀ ಇಬ್ಬರನ್ನು ನೋಡಿ ಹೇಳಬೇಡಿ. ಷೇರುಪೇಟೆ ನಿಯಂತ್ರಕ ಸೆಬಿಯೇ ಎಣಿಸಿದೆ. ಷೇರು ಎಫ್ ಆ್ಯಂಡ್ ಒ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್, ಮಾಡಿದ ವ್ಯಕ್ತಿಗಳಲ್ಲಿ 2021-22ರಿಂದ 2023-24ರ ಮೂರು ವರ್ಷ ಸೇರಿಸಿ 93 ಪರ್ಸೆಂಟ್ ಜನ ನಷ್ಟದಲ್ಲಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. ಖರ್ಚು ಕಳೆದು 1 ಲಕ್ಷಕ್ಕಿಂತ ಜಾಸ್ತಿ ಗಳಿಸಿದವರು ನೂರಕ್ಕೆ ಒಬ್ಬರು. ನಿಯಮ ಬಿಗಿ ಮಾಡಿದ ಮೇಲೂ 2024-25ರಲ್ಲಿ 91 ಪರ್ಸೆಂಟ್ ಜನ ಸೋತರು. ನಿಮ್ಮ ಗೆಳೆಯರು ಆ ಉಳಿದವರಲ್ಲಿ ಇರಬಹುದು, ಇಲ್ಲ ಅನ್ನಲ್ಲ.

ಥೀಟಾ_ರಾಜ:
ಆ 93ರಲ್ಲಿ ಬಹಳ ಜನ ಖರೀದಿದಾರರು. ಅದನ್ನೇ ನಾನು ಹೇಳ್ತಿರೋದು.

ಸಂಬಳದವ:
ಹಳೇ ಡೀಲರ್ ಸಾರ್, ಲೆಕ್ಕ ಹಾಕಿದೆ. ಹತ್ತು ದೊಡ್ಡ ನಷ್ಟ ಸೇರಿ 1,36,000. ಅವನ್ನು ತೆಗೆದರೆ ಚಾರ್ಜ್‌ಗೆ ಮೊದಲು 6,080 ಲಾಭ. ಉಳಿದ 390 ಟ್ರೇಡ್‌ಗೆ ಚಾರ್ಜ್ ಸುಮಾರು 24,960. ಅಂದರೆ ಆಗಲೂ 18,880 ನಷ್ಟ!! ಒಂದೂ ದೊಡ್ಡ ತಪ್ಪು ಮಾಡದೆ ನಾಲ್ಕು ತಿಂಗಳು ಕೂತಿದ್ದರೂ ಕೈಯಿಂದಲೇ ಕೊಡಬೇಕಿತ್ತಾ?

ಹಳೇ_ಡೀಲರ್:
ಹೌದು. ಇದನ್ನು ನಿಮ್ಮ ಕೈಯಲ್ಲೇ ಹಾಕಿಸಬೇಕಿತ್ತು, ನಾನು ಹೇಳಿದರೆ ನಂಬುತ್ತಿರಲಿಲ್ಲ.

ಒಂದು ಟ್ರೇಡ್ ಬಿಡಿಸಿ ತೋರಿಸುತ್ತೇನೆ. ಆಗ ಒಂದು ಲಾಟ್ ಅಂದರೆ 75 ಯೂನಿಟ್. ಪ್ರೀಮಿಯಂ 100ಕ್ಕೆ ಕೊಂಡಿರಿ, 7,500 ರೂಪಾಯಿ. 104ಕ್ಕೆ ಮಾರಿದಿರಿ, 7,800. ಪರದೆ ಮೇಲೆ 300 ಲಾಭ. ಬ್ರೋಕರೇಜ್ ಹೋಗುವಾಗ 20, ಬರುವಾಗ 20. ಮಾರಿದ್ದಕ್ಕೆ ಎಸ್‌ಟಿಟಿ ತೆರಿಗೆ ಆಗ 0.1 ಪರ್ಸೆಂಟ್, ಸುಮಾರು 8 ರೂಪಾಯಿ. ಎಕ್ಸ್‌ಚೇಂಜ್ ಚಾರ್ಜ್ 5 ಚಿಲ್ಲರೆ. ಮೇಲೆ ಜಿಎಸ್‌ಟಿ 8. ಎಲ್ಲ ಸೇರಿ 62 ರೂಪಾಯಿ. ನಿಮ್ಮ ಕೈಗೆ ಬಂದಿದ್ದು 238. ಅದೇ ಟ್ರೇಡ್ ನಾಲ್ಕು ಪಾಯಿಂಟ್ ಕೆಳಗೆ ಹೋಗಿದ್ದರೆ 300 ಅಲ್ಲ, 362 ಹೋಗುತ್ತಿತ್ತು.

ಈಗ ಇಂಥ 100 ಟ್ರೇಡ್ ಮಾಡಿ. 60 ಗೆದ್ದರೆ 14,280 ಬರುತ್ತದೆ. 40 ಸೋತರೆ 14,480 ಹೋಗುತ್ತದೆ. ನೂರರಲ್ಲಿ ಅರವತ್ತು ಸಲ ಸರಿಯಾದವನು ಇನ್ನೂರು ರೂಪಾಯಿ ಸಾಲಗಾರ. ನೀವು ಹೆಮ್ಮೆಯಿಂದ ಹೇಳಿದ 62 ಪರ್ಸೆಂಟ್ ಅಂದರೆ ಬರೀ ಹೊಸಿಲು ದಾಟಿದ್ದು, ಅಷ್ಟೆ. ಅದೂ ಗೆಲುವು ಸೋಲು ಎರಡೂ ಒಂದೇ ಅಳತೆಯಲ್ಲಿದ್ದರೆ. ಮಾರ್ಕೆಟ್ ಆರ್ಡರ್ ಹಾಕಿದಾಗ ಕೊಳ್ಳುವ ಬೆಲೆ ಮಾರುವ ಬೆಲೆ ನಡುವೆ ಕಳೆದುಕೊಳ್ಳುವ ಚಿಲ್ಲರೆಯನ್ನು ಇಲ್ಲಿ ಸೇರಿಸಿಯೇ ಇಲ್ಲ. ಅದು ಯಾವ ರಿಪೋರ್ಟಿನಲ್ಲೂ ಬೇರೆಯಾಗಿ ಬರುವುದಿಲ್ಲ.

ಮೂರೂಕಾಲು:
ಆಪ್ಷನ್ ಬಿಡಿ, ನಾನು ಸುಮ್ನೆ ಷೇರು ಇಂಟ್ರಾಡೇ ಮಾಡುತ್ತಿದ್ದೆ, ಕೊಂಡ ದಿನವೇ ಮಾರಿ ಮುಗಿಸುವುದು. ಇದು ಸುರಕ್ಷಿತ ಅಂತ ಯಾರೋ ಹೇಳಿದ್ದರು. 40 ಸಾವಿರ ಹಾಕಿದರೆ ಐದು ಪಟ್ಟು, ಅಂದರೆ 2 ಲಕ್ಷದ ಷೇರು ಸಿಗುತ್ತಿತ್ತು. ಒಂದು ದಿನ ಎರಡೂಮುಕ್ಕಾಲಿಗೆ ಮೀಟಿಂಗ್ ಶುರುವಾಯಿತು. ಮ್ಯಾನೇಜರ್ ಎದುರಿಗೆ ಕೂತಿದ್ದಾರೆ. ಮೇಜಿನ ಕೆಳಗೆ ಫೋನ್ ಹಿಡಿದು ನೋಡಿದೆ, ಷೇರು 1 ಪರ್ಸೆಂಟ್ ಕೆಳಗೆ. ಮೀಟಿಂಗ್ ಮುಗಿಯಲಿ ಅಂತ ಬಿಟ್ಟೆ. ಹೊರಗೆ ಬರುವಷ್ಟರಲ್ಲಿ ಬ್ರೋಕರ್ ಸಿಸ್ಟಂ ತಾನಾಗಿ ಮಾರಿ ಮುಗಿಸಿತ್ತು, 2 ಪರ್ಸೆಂಟ್ ಕೆಳಗೆ. 2 ಪರ್ಸೆಂಟ್ ಅಂದರೆ ಏನು ಮಹಾ ಅನಿಸುತ್ತೆ ಅಲ್ವಾ? 2 ಲಕ್ಷಕ್ಕೆ 4,000. ನನ್ನ 40 ಸಾವಿರದ ಹತ್ತನೇ ಒಂದು ಪಾಲು. ತಾನಾಗಿ ಮಾರಿದ್ದಕ್ಕೆ ಬೇರೆ ದಂಡ.

ಮಾರನೇ ದಿನ ಬೆಳಗ್ಗೆ ಆ ಷೇರು ಮೇಲಿತ್ತು. ಇಟ್ಟುಕೊಳ್ಳುವಷ್ಟು ದುಡ್ಡು ನನ್ನದಾಗಿದ್ದರೆ ನಷ್ಟವೇ ಇರುತ್ತಿರಲಿಲ್ಲ.

ತನ್ನ_ಹಣ_ತನ್ನಿಷ್ಟ:
ಸ್ಟಾಪ್‌ಲಾಸ್ ಹಾಕಬೇಕಿತ್ತು. ಬೇಸಿಕ್.

ಮೂರೂಕಾಲು:
ಹಾಕಿದ ದಿನಗಳೂ ಇವೆ ಸ್ವಾಮಿ. ಅದನ್ನು ಮುಟ್ಟಿ ವಾಪಸ್ ಮೇಲೆ ಹೋದ ದಿನಗಳ ಪಟ್ಟಿ ಬೇಕಾ?

ಲೆಕ್ಕ_ನೋಡುವಾಕೆ:
ಇಂಟ್ರಾಡೇ ಬಗ್ಗೆಯೂ ಸೆಬಿ ನೋಡಿದೆ. 2022-23ರಲ್ಲಿ ಷೇರು ಇಂಟ್ರಾಡೇ ಮಾಡಿದ ಹತ್ತರಲ್ಲಿ ಏಳು ಜನ ಸೋತಿದ್ದರು. ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಮಾಡಿದವರಲ್ಲಿ ಅದು ಹತ್ತಕ್ಕೆ ಎಂಟು. ಅಭ್ಯಾಸ ಜಾಸ್ತಿ ಆದರೆ ಕೈ ಪಳಗುತ್ತದೆ ಅನ್ನುತ್ತಾರಲ್ಲ, ಇಲ್ಲಿ ಉಲ್ಟಾ.

ಸಂಬಳದವ:
ಒಂದು ದಿನದ್ದು ಬರೆಯುತ್ತೇನೆ, ಇವತ್ತಿಗೂ ತಲೆಯಿಂದ ಹೋಗಿಲ್ಲ. ಮಂಗಳವಾರ, ನಿಫ್ಟಿ ಎಕ್ಸ್‌ಪೈರಿ. ಇವತ್ತು ಮೇಲೆ ಹೋಗುತ್ತದೆ ಅಂತ ಬೆಳಗ್ಗೆಯೇ ಅನಿಸಿತ್ತು. ನನ್ನ ಸ್ಟ್ರೈಕ್, ಅಂದರೆ ನಿಫ್ಟಿ ದಾಟಬೇಕಿದ್ದ ಮಟ್ಟ, ಆಗ 60 ಪಾಯಿಂಟ್ ಮೇಲಿತ್ತು. ಕಾಲ್ ಒಂದು ಲಾಟ್ 50ಕ್ಕೆ ತೆಗೆದುಕೊಂಡೆ.

ಮಧ್ಯಾಹ್ನ ಊಟದ ಹೊತ್ತಿಗೆ ನಿಫ್ಟಿ 20 ಪಾಯಿಂಟ್ ಮೇಲೆ ಹೋಗಿತ್ತು. ಅಂದರೆ ನಾನು ಸರಿ. ಆದರೆ ಕಾಲ್ ಬೆಲೆ 36! ಅಗ್ಗಕ್ಕೆ ಸಿಗ್ತಿದೆ ಅಂತ ಇನ್ನೂ ಎರಡು ಲಾಟ್ ತೆಗೆದೆ. ಎರಡು ಗಂಟೆಗೆ ನಿಫ್ಟಿ ಇನ್ನೂ 10 ಪಾಯಿಂಟ್ ಮೇಲೆ. ಕಾಲ್ 20. ಏನಾಗ್ತಿದೆ ಅಂತಲೇ ಅರ್ಥ ಆಗಲಿಲ್ಲ. ಆ್ಯಪ್ ಹ್ಯಾಂಗ್ ಆಗಿದೆಯೇನೋ ಅಂತ ಎರಡು ಸಲ ಮುಚ್ಚಿ ತೆರೆದೆ. ಆಮೇಲೆ ನಾಲ್ಕು ಲಾಟ್ ಕೊಂಡೆ. ಒಟ್ಟು ಏಳು ಲಾಟ್, 15,150 ರೂಪಾಯಿ.

ದಿನದ ಕೊನೆಗೆ ನಿಫ್ಟಿ ಸ್ಟ್ರೈಕ್‌ಗಿಂತ 12 ಪಾಯಿಂಟ್ ಕೆಳಗೆ ನಿಂತಿತು. ನಾನು ಕೊಂಡಾಗಿನಿಂದ 48 ಪಾಯಿಂಟ್ ಮೇಲೆ. ನಾನು ಹೇಳಿದ ದಿಕ್ಕಿಗೇ ಹೋಗಿತ್ತು. ನನ್ನ ಏಳು ಲಾಟ್‌ನ ಬೆಲೆ ಸೊನ್ನೆ.

ಆರಿದ_ಕಾಫಿ:
😶

ಹಳೇ_ಡೀಲರ್:
ಆ್ಯಪ್ ಸರಿಯಾಗಿಯೇ ಇತ್ತು. ಬೆಳಗ್ಗೆ ನೀವು ಕೊಟ್ಟ 50 ರೂಪಾಯಿಯಲ್ಲಿ ಒಂದು ರೂಪಾಯಿಯ ಗಟ್ಟಿ ಬೆಲೆಯೂ ಇರಲಿಲ್ಲ. ನಿಫ್ಟಿ ಸ್ಟ್ರೈಕ್ ದಾಟಿರಲಿಲ್ಲವಲ್ಲ. ಆ 50 ಅಷ್ಟೂ "ಇನ್ನು ಆರು ಗಂಟೆ ಇದೆ, ದಾಟಬಹುದು" ಅನ್ನುವ ಆಸೆಯ ಬೆಲೆ. ಊಟದ ಹೊತ್ತಿಗೆ ಗಂಟೆ ಕಡಿಮೆಯಾಯಿತು, ಬೆಲೆಯೂ ಇಳಿಯಿತು. 20 ಪಾಯಿಂಟ್ ಏರಿಕೆ ಆ ಇಳಿತವನ್ನು ತುಂಬಲು ಸಾಲಲಿಲ್ಲ. ಎಕ್ಸ್‌ಪೈರಿ ದಿನ ಮಧ್ಯಾಹ್ನದ ಮೇಲೆ ಇದು ಇನ್ನೂ ಜೋರು. ಅಂದರೆ ಖರೀದಿ ಮಾಡಿದವನು ದಿಕ್ಕು ಸರಿ ಹೇಳಿದರೆ ಸಾಲದು. ಎಷ್ಟು ದೂರ, ಎಷ್ಟು ಹೊತ್ತಿನೊಳಗೆ, ಎರಡೂ ಸರಿಯಾಗಬೇಕು. ನೀವು ಮೂರರಲ್ಲಿ ಒಂದು ಸರಿ ಹೇಳಿದ್ದೀರಿ.

36 ಅನ್ನುವುದು ಅಗ್ಗವೇನೂ ಆಗಿರಲಿಲ್ಲ. ಆ ಹೊತ್ತಿಗೆ ಅದರ ಸರಿಯಾದ ಬೆಲೆಯೇ ಅದು. ಒಳ್ಳೆ ಕಂಪನಿಯ ಷೇರು ಇಳಿದಾಗ ಇನ್ನಷ್ಟು ಕೊಳ್ಳುವ ಅಭ್ಯಾಸ ನಮ್ಮ ಜನಕ್ಕೆ ಇದೆ. ಷೇರಿಗೆ ನಾಳೆ ಇದೆ. ಮೂರೂವರೆಗೆ ಸಾಯುವ ವಸ್ತುವಿನ ಮೇಲೆ ಅದೇ ಅಭ್ಯಾಸ ಮಾಡಿದರೆ ಹೀಗಾಗುತ್ತದೆ.

ಥೀಟಾ_ರಾಜ:
ನೋಡಿ, ಅವರು ಕಳೆದುಕೊಂಡ ಆ 15,150 ನನ್ನಂಥ ಮಾರುವವನಿಗೆ ಬಂತು. ಹತ್ತರಲ್ಲಿ ಎಂಟೊಂಬತ್ತು ವಾರ ನನಗೆ ಲಾಭ. ಇದನ್ನು ಯಾಕೆ ಯಾರೂ ಒಪ್ಪಲ್ಲ?

ಹಳೇ_ಡೀಲರ್:
ಅರ್ಧ ಒಪ್ಪುತ್ತೇನೆ. ಹೊತ್ತು ಮಾರುವವನ ಕಡೆ ಇರುತ್ತದೆ, ನಿಜ. ಆದರೆ ಎಂಟೊಂಬತ್ತು ವಾರ ಸ್ವಲ್ಪ ಸ್ವಲ್ಪ ಬಂದು ಉಳಿದ ಒಂದು ವಾರ ಎಷ್ಟು ಹೋಗಬಹುದು ಅನ್ನುವುದಕ್ಕೆ ಮೇಲ್ಮಿತಿ ಇಲ್ಲ. 2024ರ ಜೂನ್ 3ಕ್ಕೆ ಎಕ್ಸಿಟ್ ಪೋಲ್ ಖುಷಿಯಲ್ಲಿ ನಿಫ್ಟಿ 3 ಪರ್ಸೆಂಟ್‌ಗೂ ಜಾಸ್ತಿ ಏರಿ 23,263ರಲ್ಲಿ ಮುಗಿಯಿತು. ನಮ್ಮ ಆಫೀಸಿನ ಒಬ್ಬ ಗ್ರಾಹಕರು, ಅವರೂ ಸಂಬಳಕ್ಕೆ ದುಡಿಯುವವರೇ, 22,500ರ ಪುಟ್ ನಾಲ್ಕು ಲಾಟ್ ಮಾರಿ ಮನೆಗೆ ಹೋದರು. ಮುನ್ನೂರು ಅಲ್ಲ, ಏಳುನೂರು ಪಾಯಿಂಟ್ ದೂರ, ಅಲ್ಲಿಗೆ ಯಾಕೆ ಬರುತ್ತೆ ಅಂತ. ಬಂದಿದ್ದ ಪ್ರೀಮಿಯಂ ಕೆಲವು ಸಾವಿರ. ಮಾರನೇ ದಿನ ಫಲಿತಾಂಶ. ನಿಫ್ಟಿ ಒಂದು ಹಂತದಲ್ಲಿ 21,281 ಮುಟ್ಟಿತು. ಆ ಕ್ಷಣಕ್ಕೆ ಪುಟ್‌ನ ಗಟ್ಟಿ ಬೆಲೆಯೇ 1,219. ಆಗ ಲಾಟ್ 25, ನಾಲ್ಕಕ್ಕೆ 100. ಸುಮಾರು ಒಂದು ಲಕ್ಷ ಇಪ್ಪತ್ತೆರಡು ಸಾವಿರ. ಸಂಜೆ 21,884ಕ್ಕೆ ಮೇಲೆ ಬಂತು, ನಿಜ. ಆದರೆ ಮಾರ್ಜಿನ್ ಠೇವಣಿ ಸಾಲದೆ ಅವರದ್ದನ್ನು ಅದಕ್ಕೂ ಮೊದಲೇ ಮುಚ್ಚಿಸಲಾಗಿತ್ತು.

ಥೀಟಾ_ರಾಜ:
ಅವರು ಹೆಡ್ಜ್ ತಗೊಂಡಿರಲಿಲ್ಲ. ನಾನು ದೂರದ ಪುಟ್ ಕೊಂಡೇ ಮಾರುವುದು.

ಹಳೇ_ಡೀಲರ್:
ಒಳ್ಳೆಯದು. ಆಗ ನಷ್ಟಕ್ಕೆ ಮಿತಿ ಬರುತ್ತದೆ. ಬರುವ ಲಾಭವೂ ಕಡಿಮೆ, ಮತ್ತು ಎರಡರ ಬದಲು ನಾಲ್ಕು ಆರ್ಡರ್‌ಗೆ ಚಾರ್ಜ್. ನಿಮ್ಮ ಮೂರು ವರ್ಷದ ನಿವ್ವಳ ಎಷ್ಟು, ಹಾಕಿದ ದುಡ್ಡಿಗೆ ಹೋಲಿಸಿ ಹೇಳಿ.

ಥೀಟಾ_ರಾಜ:
ಮೂರು ವರ್ಷ ಆಗಿಲ್ಲ. ಹದಿನಾಲ್ಕು ತಿಂಗಳು. ಎಫ್‌ಡಿಗಿಂತ ಜಾಸ್ತಿಯೇ ಇದೆ.

ಹಳೇ_ಡೀಲರ್:
ಸರಿ. ಅದಕ್ಕೆ ನಾನು ವಾದ ಮಾಡಲ್ಲ. ಇನ್ನೊಂದು ಜೂನ್ 4 ಬಂದ ಮೇಲೆ ಇಲ್ಲೇ ಬರೆಯಿರಿ.

ದೊಡ್ಡ_ಮೀನು:
ಇದೆಲ್ಲ ಆಪರೇಟರ್‌ಗಳ ಆಟ. ಅಮೆರಿಕದ ಟ್ರೇಡಿಂಗ್ ಕಂಪನಿ ಜೇನ್ ಸ್ಟ್ರೀಟ್ ಸೂಚ್ಯಂಕವನ್ನೇ ತಿರುಚಿತು ಅನ್ನೋ ಕೇಸ್ ಮರೆತುಬಿಟ್ರಾ? ಸೆಬಿ 4,843 ಕೋಟಿ ತಡೆಹಿಡಿಯುವಂತೆ ಆದೇಶ ಮಾಡಿತ್ತು, 2025ರ ಜುಲೈನಲ್ಲಿ. ನಾವು ಸೋಲೋದು ನಮ್ಮ ತಪ್ಪಿಂದ ಅಲ್ಲ.

ಲೆಕ್ಕ_ನೋಡುವಾಕೆ:
ಅದು ಮಧ್ಯಂತರ ಆದೇಶ, ಆ ಕಂಪನಿ ಆರೋಪ ಒಪ್ಪಿಲ್ಲ. ಅದೂ ಅಲ್ಲದೆ ಸಂಬಳದವರು 400 ಸಲ ತಲಾ 64 ರೂಪಾಯಿ ಕೊಟ್ಟಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎದುರುಗಡೆ ಯಾರಿದ್ದಾರೆ ಅನ್ನುವುದು ಮುಖ್ಯ, ಒಪ್ಪುತ್ತೇನೆ. 2023-24ರಲ್ಲಿ ಎಫ್ ಆ್ಯಂಡ್ ಒದಲ್ಲಿ ದೊಡ್ಡ ಸಂಸ್ಥೆಗಳು ಗಳಿಸಿದ ಲಾಭದಲ್ಲಿ 95 ಪರ್ಸೆಂಟ್‌ಗೂ ಹೆಚ್ಚು ಬಂದಿದ್ದು ಕಂಪ್ಯೂಟರ್‌ನಿಂದ ಆಲ್ಗೋ ಟ್ರೇಡಿಂಗ್ ಮಾಡುವವರಿಂದ ಅಂತ ಸೆಬಿ ಹೇಳಿದೆ. ಮೇಜಿನ ಕೆಳಗೆ ಫೋನ್ ಹಿಡಿದವರು ಆಡುತ್ತಿರುವುದು ಅವರೆದುರು.

ಮನೆ_ಲೆಕ್ಕ:
ನಾನು ಟ್ರೇಡಿಂಗ್ ಮಾಡಿದವಳಲ್ಲ, ಮಾಡಿದವರ ಹೆಂಡತಿ. ನಮ್ಮ ಮನೆಯವರು ಒಂದು ವರ್ಷ ಹೇಳಲಿಲ್ಲ. ನನಗೆ ಗೊತ್ತಾಗಿದ್ದು ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ. ಸಂಬಳ ಬಂದ ಮೂರು ದಿನದೊಳಗೆ ಬ್ರೋಕರ್ ಹೆಸರಿಗೆ 10 ಸಾವಿರ. ತಿಂಗಳ ಮಧ್ಯದಲ್ಲಿ 5 ಸಾವಿರ, 3 ಸಾವಿರ, 2 ಸಾವಿರ. ವಾಪಸ್ ಬಂದಿದ್ದು ವರ್ಷದಲ್ಲಿ ಎರಡೇ ಸಲ. ಕೇಳಿದರೆ "ಹೂಡಿಕೆ" ಅನ್ನುತ್ತಿದ್ದರು. ಹೂಡಿಕೆ ಆಗಿದ್ದರೆ ಡಿಮ್ಯಾಟ್‌ನಲ್ಲಿ ಷೇರು ಇರಬೇಕಲ್ಲ, ತೋರಿಸಿ ಅಂದೆ. ಖಾಲಿ. ಆಮೇಲೆ ಗೊತ್ತಾಯಿತು, ಕೊನೆಯ ನಾಲ್ಕು ತಿಂಗಳು ಹಾಕಿದ್ದು ಪರ್ಸನಲ್ ಲೋನ್ ದುಡ್ಡು. ಆಟ ಮುಗಿದಿದೆ, ಕಂತು ಇನ್ನೂ ಹೋಗ್ತಾ ಇದೆ.

ಸಂಬಳದವರೇ, ನಿಮ್ಮ ಮನೆಯವರಿಗೆ ಹೇಳಿದ್ದೀರಾ?

ಸಂಬಳದವ:
ಇನ್ನೂ ಇಲ್ಲ ಅಕ್ಕಾ. ಆರ್‌ಡಿ ಮುಗಿದಿದ್ದು ಗೊತ್ತು, ದುಡ್ಡು ಎಫ್‌ಡಿಯಲ್ಲಿದೆ ಅಂದುಕೊಂಡಿದ್ದಾಳೆ.

ಮನೆ_ಲೆಕ್ಕ:
ಈ ವಾರವೇ ಹೇಳಿ. ನನಗೆ ದುಡ್ಡಿಗಿಂತ ಆ ಒಂದು ವರ್ಷ ಜಾಸ್ತಿ ನೋವು ಕೊಟ್ಟಿದ್ದು.

ತನ್ನ_ಹಣ_ತನ್ನಿಷ್ಟ:
ಇದನ್ನು ಒಪ್ಪುತ್ತೇನೆ. ಬಚ್ಚಿಟ್ಟು ಮಾಡಬಾರದು. ಲೋನ್ ತೆಗೆದು ಅಂತೂ ಮಾಡಲೇಬಾರದು. ಆದರೂ ಮಾಡಲೇಬೇಡಿ ಅನ್ನೋದನ್ನ ಒಪ್ಪಲ್ಲ.

ಸಂಬಳದವ:
ಈ ನಷ್ಟವನ್ನು ಸಂಬಳದಿಂದ ಕಳೆದು ಟ್ಯಾಕ್ಸ್ ಉಳಿಸಬಹುದಂತೆ, ಆಫೀಸಿನಲ್ಲಿ ಒಬ್ಬರು ಹೇಳಿದರು. ಹೌದಾ?

ಲೆಕ್ಕ_ನೋಡುವಾಕೆ:
ಸಂಬಳದಿಂದ ಕಳೆಯಲು ಆಗುವುದಿಲ್ಲ. ಎಫ್ ಆ್ಯಂಡ್ ಒ ನಷ್ಟ ವ್ಯಾಪಾರದ ನಷ್ಟ. ಅದೇ ವರ್ಷದ ಬ್ಯಾಂಕ್ ಬಡ್ಡಿ, ಬಾಡಿಗೆ ಇಂಥದ್ದರಿಂದ ಕಳೆಯಬಹುದು. ಉಳಿದದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಆಗ ವ್ಯಾಪಾರದ ಲಾಭದಿಂದ ಮಾತ್ರ ಕಳೆಯಬೇಕು. ಅದಕ್ಕೂ ಗಡುವಿನೊಳಗೆ ರಿಟರ್ನ್ ಹಾಕಿರಬೇಕು. ಮೂರೂಕಾಲು ಅವರದ್ದು ಷೇರು ಇಂಟ್ರಾಡೇ, ಅದಕ್ಕೆ ನಿಯಮ ಇನ್ನೂ ಬಿಗಿ. 4 ವರ್ಷ ಮಾತ್ರ, ಅಂಥದ್ದೇ ಲಾಭದಿಂದ ಮಾತ್ರ.

ನೀವು ಪ್ರತಿ ವರ್ಷ ಹಾಕುವ ಐಟಿಆರ್-1 ಇದಕ್ಕೆ ನಡೆಯುವುದಿಲ್ಲ. ಐಟಿಆರ್-3 ಹಾಕಬೇಕು. ನಷ್ಟ ಆಗಿದೆಯಲ್ಲ, ತೋರಿಸುವುದೇನು ಅಂತ ಬಿಟ್ಟು ಆಮೇಲೆ ನೋಟಿಸ್ ಹಿಡಿದು ನನ್ನ ಹತ್ತಿರ ಬಂದವರು ಇದ್ದಾರೆ.

ಮೂರೂಕಾಲು:
ನಾನು ಎರಡು ವರ್ಷ ಐಟಿಆರ್-1 ಹಾಕಿದ್ದೇನೆ ಮೇಡಂ 🙈 ಏನು ಮಾಡಲಿ?

ಲೆಕ್ಕ_ನೋಡುವಾಕೆ:
ಮೆಸೇಜ್ ಮಾಡಿ. ಇಲ್ಲಿ ಬೇಡ.

ಹಳೇ_ಡೀಲರ್:
ಸಂಬಳದವರೇ, ಆ ಎಕ್ಸೆಲ್ ಇನ್ನೂ ತೆರೆದಿದ್ದರೆ ಒಂದು ನೋಡಿ. ಆ ಹತ್ತು ದೊಡ್ಡ ನಷ್ಟ ಯಾವ ಯಾವ ವಾರದ್ದು? ತಾರೀಖು ಬೇಡ, ವಾರ ಸಾಕು.

ಸಂಬಳದವ:
ನೋಡಿದೆ. ಏಳು ಮಂಗಳವಾರ. ಮೂರು ಬುಧವಾರ.

ಆರಿದ_ಕಾಫಿ:
ಮಂಗಳವಾರ ಎಕ್ಸ್‌ಪೈರಿ, ಸರಿ. ಬುಧವಾರ ಯಾಕೆ?

ಸಂಬಳದವ:
ಹಿಂದಿನ ದಿನದ್ದು ವಾಪಸ್ ತೆಗೆಯೋಕೆ ಹೋಗಿದ್ದು. ಮೂರೂ ಬುಧವಾರ ಲಾಟ್ ಎರಡು ಪಟ್ಟು ಹಾಕಿದ್ದೇನೆ, ಒಂದರಲ್ಲಿ 9:16ಕ್ಕೇ ಆರ್ಡರ್ ಹೋಗಿದೆ.